ಕೈಗೂ ಕಣ್ಣಿಗೂ ನಡುವಿನ ಅಳತೆ

ಮೇಜಿನ ಮೇಲೆ ಬೇರಿಂಗ್ ರಿಂಗುಗಳನ್ನು ಹರಡಿದ್ದಾರೆ ಎಂದಿಟ್ಟುಕೊಳ್ಳಿ. ಅವನ್ನು ಒಂದೊಂದಾಗಿ ಎತ್ತಿ ಟ್ರೇಗೆ ಹಾಕುವುದು ಆರು ಕೀಲಿನ ರೋಬಾಟ್ ತೋಳಿನ ಕೆಲಸ. ತೋಳಿನ ತುದಿಯಲ್ಲಿ ಎರಡು ಬೆರಳಿನ ಗ್ರಿಪ್ಪರ್ ಇದೆ. ಅದರ ಪಕ್ಕದಲ್ಲೇ ಬ್ರಾಕೆಟ್ ಹಾಕಿ, ಆಳವನ್ನೂ ಅಳೆಯಬಲ್ಲ ಒಂದು ಕ್ಯಾಮೆರಾ ಕೂರಿಸಿದ್ದಾರೆ. ತೋಳು ಮೇಜಿನಿಂದ ಅರ್ಧ ಮೀಟರ್ ಎತ್ತರದಲ್ಲಿ ನಿಂತು ಫೋಟೊ ತೆಗೆಯುತ್ತದೆ. ರಿಂಗಿನ ನಡುಬಿಂದು ಎಲ್ಲಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಗ್ರಿಪ್ಪರ್ ಅಲ್ಲಿಗೆ ಇಳಿಯುತ್ತದೆ. ಆದರೆ ಪ್ರತಿ ಸಲವೂ 6 ಮಿಲಿಮೀಟರ್ ಬಲಕ್ಕೇ ಇಳಿಯುತ್ತದೆ.

ತಪ್ಪು ಸದಾ ಒಂದೇ ಆಗಿದ್ದರೆ ಹೊಳೆಯುವ ಉಪಾಯವೂ ಒಂದೇ: ಪ್ರೋಗ್ರಾಮಿನಲ್ಲಿ 6 ಕಳೆಯುವ ಸಾಲೊಂದನ್ನು ಸೇರಿಸಿಬಿಡುವುದು. ಸೇರಿಸಿದ ಮೇಲೆ ರಿಂಗುಗಳು ಸರಿಯಾಗಿ ಸಿಗುತ್ತವೆ, ಲೈನ್ ಓಡುತ್ತದೆ. ಮುಂದೊಂದು ದಿನ ಟ್ರೇಯ ಜಾಗ ಬದಲಾಗಿ, ತೋಳು ಮಣಿಕಟ್ಟನ್ನು 180 ಡಿಗ್ರಿ ತಿರುಗಿಸಿ ಫೋಟೊ ತೆಗೆಯಬೇಕಾಗುತ್ತದೆ. ಆಗ ಗ್ರಿಪ್ಪರ್ 12 ಮಿಲಿಮೀಟರ್ ಎಡಕ್ಕೆ ಇಳಿಯುತ್ತದೆ. 90 ಡಿಗ್ರಿ ತಿರುಗಿಸಿದರೆ ತಪ್ಪು ಮೂಲೆಗೆ ವಾಲುತ್ತದೆ, ಸುಮಾರು 8.5 ಮಿಲಿಮೀಟರ್.

ಈ ಮೂರು ಅಂಕಿಗಳಿಗೆ ಕಾರಣ ಒಂದೇ. ತಪ್ಪು ಇದ್ದದ್ದು ಮೇಜಿನ ಲೆಕ್ಕದಲ್ಲಿ ಅಲ್ಲ, ಕೈಯ ಲೆಕ್ಕದಲ್ಲಿ. ಕ್ಯಾಮೆರಾ ಕೈಗೆ ಅಂಟಿಕೊಂಡಿರುವುದರಿಂದ, ಕ್ಯಾಮೆರಾದ ಜಾಗವನ್ನು ತಪ್ಪಾಗಿ ಹೇಳಿಕೊಟ್ಟರೆ ಆ ತಪ್ಪು ಕೈಯ ಜೊತೆಗೇ ತಿರುಗುತ್ತದೆ. ಅರ್ಧ ಸುತ್ತು ತಿರುಗಿದಾಗ ಬಲಕ್ಕಿದ್ದ 6 ಮಿಲಿಮೀಟರ್ ಎಡಕ್ಕೆ ಬಂತು. ಪ್ರೋಗ್ರಾಮಿನಲ್ಲಿ ಸೇರಿಸಿದ ತಿದ್ದುಪಡಿ ಮಾತ್ರ ತಿರುಗದೆ ಇನ್ನೂ ಎಡಕ್ಕೇ 6 ತಳ್ಳುತ್ತಿತ್ತು. ಎರಡೂ ಕೂಡಿ 12 ಆಯಿತು. ಕೈಗೂ ಕಣ್ಣಿಗೂ ನಡುವಿನ ಅಳತೆಯನ್ನು ಸರಿಯಾಗಿ ಕಂಡುಹಿಡಿಯುವ ಕೆಲಸಕ್ಕೆ ರೋಬಾಟ್ ಲೋಕದಲ್ಲಿ ಹ್ಯಾಂಡ್-ಐ ಕ್ಯಾಲಿಬ್ರೇಷನ್ ಎಂದು ಹೆಸರು.

ಸ್ಕೇಲಿಗೆ ಸಿಗದ ದೂರ

ರಿಂಗು ಎಲ್ಲಿದೆ ಎಂದು ತೋಳಿಗೆ ತಿಳಿಯಬೇಕಾದರೆ ಮೂರು ಸಂಗತಿಗಳು ಸರಪಳಿಯಂತೆ ಸೇರಬೇಕು. ಮೊದಲನೆಯದು, ತೋಳಿನ ಬುಡದಿಂದ ನೋಡಿದರೆ ಕೈ ಎಲ್ಲಿದೆ, ಯಾವ ಕಡೆ ವಾಲಿದೆ ಎಂಬುದು. ಪ್ರತಿ ಕೀಲು ಎಷ್ಟು ತಿರುಗಿದೆ ಎಂದು ತೋಳಿನ ಕಂಟ್ರೋಲರಿಗೆ ಗೊತ್ತಿರುವುದರಿಂದ ಇದನ್ನು ಅದೇ ಹೇಳುತ್ತದೆ. ಮೂರನೆಯದು, ಕ್ಯಾಮೆರಾದಿಂದ ನೋಡಿದರೆ ರಿಂಗು ಎಲ್ಲಿದೆ ಎಂಬುದು. ಅದನ್ನು ಚಿತ್ರವೇ ಹೇಳುತ್ತದೆ. ನಡುವಿನ ಕೊಂಡಿ ಮಾತ್ರ ಯಾರಿಗೂ ಗೊತ್ತಿಲ್ಲ: ಕೈಯಿಂದ ನೋಡಿದರೆ ಕ್ಯಾಮೆರಾ ಎಲ್ಲಿದೆ, ಎಷ್ಟು ಓರೆಯಾಗಿದೆ? ಈ ಕೊಂಡಿಯನ್ನು X ಎಂದು ಕರೆಯುತ್ತಾರೆ. ಅದರಲ್ಲಿ ಆರು ಅಂಕಿಗಳು ಅಡಗಿವೆ: ಮೂರು ದಿಕ್ಕಿನ ದೂರ, ಮೂರು ದಿಕ್ಕಿನ ತಿರುವು.

ಬ್ರಾಕೆಟ್ಟಿನ ಡ್ರಾಯಿಂಗ್ ನೋಡಿ ಅಥವಾ ಸ್ಕೇಲ್ ಹಿಡಿದು ಅಳೆದರೆ ಆಗದೇ? ಆಗುವುದಿಲ್ಲ. ಕೈಯ ಅಳತೆ ಶುರುವಾಗುವುದು ಫ್ಲ್ಯಾಂಜಿನ, ಅಂದರೆ ತೋಳಿನ ಕೊನೆಯ ತಟ್ಟೆಯ, ನಟ್ಟನಡುವಿನಿಂದ. ಗ್ರಿಪ್ಪರ್ ಕೂರಿಸಿದ ಮೇಲೆ ಆ ಬಿಂದು ಮುಚ್ಚಿಹೋಗುತ್ತದೆ. ಕ್ಯಾಮೆರಾದ ಅಳತೆ ಶುರುವಾಗುವ ಬಿಂದು ಲೆನ್ಸಿನ ಒಳಗೆಲ್ಲೋ ಇದೆ. ಅದರ ಡಬ್ಬಿಯ ಮೇಲೆ ಗುರುತಿಲ್ಲ. ಎರಡು ಲೆನ್ಸಿನ ಆಳದ ಕ್ಯಾಮೆರಾಗಳಲ್ಲಂತೂ ಸಾಮಾನ್ಯವಾಗಿ ಅದು ಎಡ ಲೆನ್ಸಿನಲ್ಲಿರುತ್ತದೆ, ಡಬ್ಬಿಯ ಮಧ್ಯದಲ್ಲಿ ಅಲ್ಲ. ಓರೆಯನ್ನು ಅಳೆಯುವುದು ಇನ್ನೂ ಕಷ್ಟ. ಸ್ಕ್ರೂ ಬಿಗಿಯುವಾಗ ಕ್ಯಾಮೆರಾ ಒಂದು ಡಿಗ್ರಿ ವಾಲಿದರೆ ಕಣ್ಣಿಗೆ ತಿಳಿಯುವುದಿಲ್ಲ, ಆದರೆ ಅರ್ಧ ಮೀಟರ್ ಕೆಳಗಿನ ಮೇಜಿನಲ್ಲಿ ಅದು 8.7 ಮಿಲಿಮೀಟರ್ ಆಗುತ್ತದೆ.

ಆದ್ದರಿಂದ X ಅನ್ನು ನೇರವಾಗಿ ಅಳೆಯುವುದಿಲ್ಲ, ತೋಳನ್ನು ಆಡಿಸಿ ಲೆಕ್ಕದಿಂದ ಹೊರತೆಗೆಯುತ್ತಾರೆ.

ತಿರುಗಿದರಷ್ಟೇ ತಿಳಿಯುವುದು

ಚದುರಂಗದ ಮಣೆಯ ಹಾಗೆ ಕಪ್ಪು ಬಿಳುಪು ಚೌಕಗಳಿರುವ ಬೋರ್ಡೊಂದನ್ನು ಮೇಜಿಗೆ ಅಲುಗದಂತೆ ಬಿಗಿಯುತ್ತಾರೆ. ಅದು ಮೇಜಿನ ಯಾವ ಮೂಲೆಯಲ್ಲಿದೆ ಎಂದು ಅಳೆಯಬೇಕಾಗಿಲ್ಲ. ಕೆಲಸ ಮುಗಿಯುವವರೆಗೆ ಅದು ಕದಲದಿದ್ದರೆ ಸಾಕು. ತೋಳು ಬೇರೆ ಬೇರೆ ಭಂಗಿಗಳಲ್ಲಿ ನಿಂತು ಅದೇ ಬೋರ್ಡಿನ ಫೋಟೊ ತೆಗೆಯುತ್ತದೆ. ಚೌಕಗಳ ಅಳತೆ ಗೊತ್ತಿರುವುದರಿಂದ, ಪ್ರತಿ ಫೋಟೊದಿಂದ ಬೋರ್ಡು ಕ್ಯಾಮೆರಾಕ್ಕೆ ಎಷ್ಟು ದೂರದಲ್ಲಿದೆ, ಹೇಗೆ ವಾಲಿದೆ ಎಂಬ ಪೂರ್ತಿ ವಿವರ ಸಿಗುತ್ತದೆ. ಅದೇ ಗಳಿಗೆಯಲ್ಲಿ ಕೈ ಎಲ್ಲಿತ್ತು ಎಂಬುದನ್ನು ಕಂಟ್ರೋಲರಿನಿಂದ ಬರೆದಿಟ್ಟುಕೊಳ್ಳುತ್ತಾರೆ.

ಈಗ ಎರಡು ಭಂಗಿಗಳನ್ನು ಜೋಡಿಸಿ ನೋಡೋಣ. ಮೊದಲ ಭಂಗಿಯಿಂದ ಎರಡನೆಯದಕ್ಕೆ ಹೋಗಲು ಕೈ ಎಷ್ಟು ಚಲಿಸಿತು ಎಂಬುದು A. ಅದೇ ಹೊತ್ತಿನಲ್ಲಿ ಕ್ಯಾಮೆರಾ ಎಷ್ಟು ಚಲಿಸಿತು ಎಂಬುದು B. ಕೈ ಮತ್ತು ಕ್ಯಾಮೆರಾ ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ಇದು ಒಂದೇ ಚಲನೆ. ಎರಡು ಕಡೆಯಿಂದ ನೋಡಿ ಬರೆದದ್ದು ಅಷ್ಟೆ. ಎರಡನ್ನೂ ಹೊಂದಿಸುವ ಸಮೀಕರಣ ಹೀಗಿದೆ:

```
AX = XB
```

ಕೈಯ ಮೇಲಿನ ಕ್ಯಾಮೆರಾಕ್ಕಾಗಿ ಈ ಸಮೀಕರಣವನ್ನು ಬಿಡಿಸುವ ದಾರಿಯನ್ನು 1989ರಲ್ಲಿ ಎರಡು ಜೋಡಿ ಸಂಶೋಧಕರು ಪ್ರಕಟಿಸಿದರು: ಶಿಯು ಮತ್ತು ಅಹ್ಮದ್ ಒಂದು ಕಡೆ, ಐಬಿಎಂನ ರೋಜರ್ ಸೈ ಮತ್ತು ರೈಮರ್ ಲೆನ್ಸ್ ಇನ್ನೊಂದು ಕಡೆ. ಇಂದಿಗೂ ಸಾಫ್ಟ್‌ವೇರುಗಳಲ್ಲಿ ಸೈ–ಲೆನ್ಸ್ ವಿಧಾನ ಬಳಕೆಯಲ್ಲಿದೆ. ಅದು ಮೊದಲು ಓರೆಯನ್ನು ಬಿಡಿಸಿಕೊಂಡು, ಆ ಉತ್ತರವನ್ನು ಹಿಡಿದು ದೂರವನ್ನು ಬಿಡಿಸುತ್ತದೆ. ಹಾಗಾಗಿ ಓರೆಯಲ್ಲಿ ಉಳಿದ ತಪ್ಪು ದೂರಕ್ಕೂ ದಾಟುತ್ತದೆ. 1999ರಲ್ಲಿ ಕೋಸ್ಟಾಸ್ ಡಾನಿಲಿಡಿಸ್ ಎರಡನ್ನೂ ಒಟ್ಟಿಗೆ ಬಿಡಿಸುವ ವಿಧಾನ ಕೊಟ್ಟರು.

ಯಾವ ವಿಧಾನ ಹಿಡಿದರೂ ಒಂದು ಷರತ್ತು ತಪ್ಪುವುದಿಲ್ಲ: ಕೈ ತಿರುಗಲೇಬೇಕು. ತೋಳು ಕ್ಯಾಮೆರಾವನ್ನು ತಿರುಗಿಸದೆ ಬರೀ ಆಚೀಚೆ, ಮೇಲೆ ಕೆಳಗೆ ಸರಿಸಿತು ಎನ್ನಿ. ಕೈ 100 ಮಿಲಿಮೀಟರ್ ಸರಿದರೆ ಅದಕ್ಕೆ ಅಂಟಿದ ಎಲ್ಲವೂ 100 ಮಿಲಿಮೀಟರೇ ಸರಿಯುತ್ತದೆ. ಕ್ಯಾಮೆರಾ ಕೈಯಿಂದ 5 ಸೆಂಟಿಮೀಟರ್ ದೂರದಲ್ಲಿದ್ದರೂ 50 ಸೆಂಟಿಮೀಟರ್ ದೂರದಲ್ಲಿದ್ದರೂ ಅದಕ್ಕೆ ಕಾಣುವ ಚಲನೆಯಲ್ಲಿ ವ್ಯತ್ಯಾಸವಿಲ್ಲ. ಅಂಥ ಸಾವಿರ ಫೋಟೊಗಳನ್ನು ಕೂಡಿಹಾಕಿದರೂ ದೂರದ ಸುಳಿವು ಅವುಗಳಲ್ಲಿ ಇರುವುದೇ ಇಲ್ಲ.

ತಿರುಗಿದಾಗ ಕಥೆ ಬೇರೆ. ಬೀಸುಕಲ್ಲಿನ ಗೂಟವನ್ನು ನೆನಪಿಸಿಕೊಳ್ಳಿ. ಕಲ್ಲು ತಿರುಗುವಾಗ ಗೂಟ ಬರೆಯುವ ವೃತ್ತ ಎಷ್ಟು ದೊಡ್ಡದು ಎಂದು ನೋಡಿದರೆ, ಅದು ನಡುವಿನಿಂದ ಎಷ್ಟು ದೂರದಲ್ಲಿದೆ ಎಂದು ಹೇಳಬಹುದು. ಆದರೆ ಗೂಟದ ಬುಡ ಹಿಡಿದು ನೋಡಿದರೂ ತುದಿ ಹಿಡಿದು ನೋಡಿದರೂ ವೃತ್ತ ಅಷ್ಟೇ ಇರುತ್ತದೆ. ಎತ್ತರದ ಬಗ್ಗೆ ಆ ವೃತ್ತ ಏನೂ ಹೇಳುವುದಿಲ್ಲ. ರೋಬಾಟಿನ ಮಣಿಕಟ್ಟಿಗೂ ಇದೇ ನ್ಯಾಯ. ಒಂದೇ ಅಚ್ಚಿನ ಸುತ್ತ ಎಷ್ಟು ಸಲ ತಿರುಗಿಸಿದರೂ ಆ ಅಚ್ಚಿನ ಉದ್ದಕ್ಕೆ ಕ್ಯಾಮೆರಾ ಎಲ್ಲಿದೆ ಎಂಬುದು ತಿಳಿಯದು. ಅದಕ್ಕೆ ಬೇರೆ ದಿಕ್ಕಿನ ಅಚ್ಚಿನ ಸುತ್ತಲೂ ಕೈ ತಿರುಗಬೇಕು. ಹಾಗಾಗಿ ಕನಿಷ್ಠ ಮೂರು ಭಂಗಿಗಳು ಬೇಕು: ಅವುಗಳಿಂದ ಸಿಗುವ ಎರಡು ಚಲನೆಗಳ ಅಚ್ಚುಗಳು ಒಂದೇ ದಿಕ್ಕಿಗಿರಬಾರದು.

ಸ್ಕಾರಾ ಎಂಬ ನಾಲ್ಕು ಕೀಲಿನ ತೋಳುಗಳಿಗೆ ಈ ಷರತ್ತು ಮೀರಲಾಗದ ಗೋಡೆ. ಅವುಗಳ ತಿರುಗುವ ಅಚ್ಚುಗಳೆಲ್ಲ ನೆಟ್ಟಗೆ ನಿಂತಿರುತ್ತವೆ. ಕ್ಯಾಮೆರಾದ ಎತ್ತರ ಈ ಲೆಕ್ಕದಿಂದ ಎಂದೂ ಹೊರಬರುವುದಿಲ್ಲ. ಎತ್ತರ ಗೊತ್ತಿರುವ ಜಾಗಕ್ಕೆ ತೋಳಿನ ತುದಿಯನ್ನು ಮುಟ್ಟಿಸಿ ಅದನ್ನು ಬೇರೆಯಾಗಿ ಕಂಡುಕೊಳ್ಳಬೇಕು.

ಎಷ್ಟು ತಿರುಗಬೇಕು ಎಂಬುದೂ ಮುಖ್ಯ. ಸಣ್ಣ ತಿರುವಿನಲ್ಲಿ ಕ್ಯಾಮೆರಾ ಬರೆಯುವ ಕಮಾನು ಚಿಕ್ಕದು, ಅಳತೆಯ ತಪ್ಪು ಮಾತ್ರ ಅಷ್ಟೇ. ಫೋಟೊದಿಂದ ಬರುವ ಅಳತೆಯಲ್ಲಿ 0.5 ಮಿಲಿಮೀಟರ್ ತಪ್ಪಿದೆ ಎನ್ನೋಣ. ಕೈ ಬರೀ 5 ಡಿಗ್ರಿ ತಿರುಗಿದ್ದರೆ X ನಲ್ಲಿ ಅದು ಸುಮಾರು 5.7 ಮಿಲಿಮೀಟರಿನಷ್ಟು ಊದಿಕೊಳ್ಳುತ್ತದೆ. 60 ಡಿಗ್ರಿ ತಿರುಗಿದ್ದರೆ 0.5 ಆಗಿಯೇ ಉಳಿಯುತ್ತದೆ. ಬೋರ್ಡನ್ನು ಎಲ್ಲ ಭಂಗಿಗಳಲ್ಲೂ ಹೆಚ್ಚುಕಡಿಮೆ ಮೇಲಿನಿಂದಲೇ ನೋಡಿದವರಿಗೆ ಕ್ಯಾಲಿಬ್ರೇಷನ್ ಕೈಕೊಡುವುದು ಇದೇ ಕಾರಣಕ್ಕೆ.

ಬೋರ್ಡು, ಭಂಗಿ, ಲೆಕ್ಕ

ಕ್ಯಾಮೆರಾದ ಲೆನ್ಸನ್ನು ಅಳೆಯುವ ಕೆಲಸ ಎಲ್ಲಕ್ಕೂ ಮೊದಲು ಆಗಬೇಕು. ಲೆನ್ಸ್ ಚಿತ್ರವನ್ನು ಎಷ್ಟು ಬಾಗಿಸುತ್ತದೆ, ಅದರ ಫೋಕಲ್ ದೂರ ಎಷ್ಟು ಎಂಬುದು ಗೊತ್ತಿಲ್ಲದಿದ್ದರೆ ಬೋರ್ಡಿನ ದೂರವೂ ತಪ್ಪುತ್ತದೆ. ಆಟೊಫೋಕಸ್ ಇದ್ದರೆ ಬಂದ್ ಮಾಡಿ, ಫೋಕಸ್ ರಿಂಗಿನ ಸ್ಕ್ರೂ ಬಿಗಿದುಬಿಡಬೇಕು. ಆಮೇಲೆ ಫೋಕಸ್ ಮುಟ್ಟಿದರೆ ಎರಡೂ ಕ್ಯಾಲಿಬ್ರೇಷನ್ನುಗಳನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಬೋರ್ಡಿನ ವಿಷಯದಲ್ಲಿ ಎಡವುವವರು ಹೆಚ್ಚು. ಕಾಗದದ ಮೇಲೆ ಪ್ರಿಂಟ್ ಹಾಕಿ ರಟ್ಟಿಗೆ ಅಂಟಿಸಿದರೆ ತೇವಕ್ಕೆ ಅದು ಉಬ್ಬುತ್ತದೆ. ಅದಕ್ಕಿಂತ ಹೆಚ್ಚಾಗಿ ಕಾಡುವುದು ಪ್ರಿಂಟರ್. ಪುಟಕ್ಕೆ ಹೊಂದಿಸುವ ಆಯ್ಕೆ ಹಾಕಿದ್ದರೆ 25 ಮಿಲಿಮೀಟರಿನ ಚೌಕ 24.2 ಆಗಿ ಹೊರಬರುತ್ತದೆ, ಸಾಫ್ಟ್‌ವೇರ್ ಮಾತ್ರ 25 ಎಂದೇ ನಂಬಿರುತ್ತದೆ. ಹೆಚ್ಚುಕಡಿಮೆ ಶೇಕಡಾ 3ರ ಈ ವ್ಯತ್ಯಾಸ ಅರ್ಧ ಮೀಟರ್ ದೂರದಲ್ಲಿ 16 ಮಿಲಿಮೀಟರ್ ಆಗುತ್ತದೆ. ಆದ್ದರಿಂದ ಒಂದು ಚೌಕವನ್ನಲ್ಲ, ಸಾಲಾಗಿ ಹತ್ತು ಚೌಕಗಳ ಉದ್ದವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಹತ್ತರಿಂದ ಭಾಗಿಸಬೇಕು.

ಭಂಗಿಗಳು ಮೂರು ಸಾಕು ಎಂದು ಗಣಿತ ಹೇಳಿದರೂ ರೂಢಿಯಲ್ಲಿ 15ರಿಂದ 20 ತೆಗೆಯುತ್ತಾರೆ. ಬೋರ್ಡನ್ನು ನಡುವೆ ಇಟ್ಟುಕೊಂಡು ಕೈಯನ್ನು ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ 20–30 ಡಿಗ್ರಿ ವಾಲಿಸಿ, ಪ್ರತಿ ವಾಲಿಕೆಯಲ್ಲೂ ಮಣಿಕಟ್ಟನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿ, ಎತ್ತರವನ್ನೂ ಸ್ವಲ್ಪ ಬದಲಿಸುತ್ತಾರೆ. ಪ್ರತಿ ಭಂಗಿಯಲ್ಲೂ ತೋಳಿನ ನಡುಕ ಪೂರ್ತಿ ನಿಂತ ಮೇಲೆ ಫೋಟೊ ತೆಗೆಯಬೇಕು. ಕಂಟ್ರೋಲರ್ ಹೇಳುತ್ತಿರುವುದು ಫ್ಲ್ಯಾಂಜಿನ ಸ್ಥಾನವೋ ಗ್ರಿಪ್ಪರ್ ತುದಿಯ ಸ್ಥಾನವೋ ಎಂದು ನೋಡಿಕೊಂಡು, ಕೊನೆಯವರೆಗೂ ಅದನ್ನೇ ಹಿಡಿಯಬೇಕು.

ಇಷ್ಟಾದ ಮೇಲೆ ಲೆಕ್ಕ ಮಾತ್ರ ಒಂದು ಸಾಲಿನದು. ಉಚಿತವಾಗಿ ಸಿಗುವ ಓಪನ್‌ಸಿವಿ ಲೈಬ್ರರಿಯಲ್ಲಿ ಹೀಗೆ ಬರೆದರಾಯಿತು:

```python
R, t = cv2.calibrateHandEye(
    R_gripper2base, t_gripper2base,
    R_target2cam, t_target2cam,
    method=cv2.CALIB_HAND_EYE_PARK)
```

ಮೊದಲ ಎರಡು ಪಟ್ಟಿಗಳು ತೋಳಿನಿಂದ ಬಂದವು, ಮುಂದಿನ ಎರಡು ಚಿತ್ರಗಳಿಂದ ಬಂದವು. ಹೊರಬರುವ R ಎಂದರೆ ಕ್ಯಾಮೆರಾದ ಓರೆ, t ಎಂದರೆ ಅದರ ದೂರ. ಬೇರಿಂಗ್ ರಿಂಗಿನ ಉದಾಹರಣೆಯಲ್ಲಿ ಡ್ರಾಯಿಂಗ್ ನೋಡಿ 80 ಮಿಲಿಮೀಟರ್ ಎಂದು ತುಂಬಿದ್ದ ಜಾಗಕ್ಕೆ ಈ ಲೆಕ್ಕ 74 ಕೊಡುತ್ತದೆ. ಪ್ರತಿ ಸಲ ಬಲಕ್ಕೆ ಹೋಗುತ್ತಿದ್ದ 6 ಮಿಲಿಮೀಟರ್ ಅದೇ. 74 ಹಾಕಿದ ಮೇಲೆ, ಹಿಂದೆ ಸೇರಿಸಿದ್ದ 6 ಕಳೆಯುವ ಸಾಲನ್ನು ಅಳಿಸಲು ಮರೆಯಬಾರದು.

ಕ್ಯಾಮೆರಾ ಕೈಯ ಮೇಲಿರದೆ ಕಂಬಕ್ಕೋ ಚಾವಣಿಗೋ ಬಿಗಿದಿದ್ದರೆ ಬೋರ್ಡನ್ನು ಗ್ರಿಪ್ಪರಿಗೆ ಕೊಟ್ಟು ಕ್ಯಾಮೆರಾದ ಮುಂದೆ ಆಡಿಸುತ್ತಾರೆ. ಸಮೀಕರಣ ಅದೇ. ತೋಳಿನ ಪಟ್ಟಿಯನ್ನು ತಿರುಗುಮುರುಗಾಗಿ ಕೊಡಬೇಕು, ಆಗ X ಎಂದರೆ ತೋಳಿನ ಬುಡದಿಂದ ಕ್ಯಾಮೆರಾದ ಅಳತೆ ಆಗುತ್ತದೆ.

ಉತ್ತರವನ್ನು ನಂಬುವ ಮೊದಲು

ಓಪನ್‌ಸಿವಿಯ ಆ ಸಾಲು ಹೆಚ್ಚುಕಡಿಮೆ ಯಾವಾಗಲೂ ಏನಾದರೊಂದು ಉತ್ತರ ಕೊಡುತ್ತದೆ. ಕೊಟ್ಟ ಅಂಕಿಗಳು ಅರ್ಥವಿಲ್ಲದವಾದರೂ ಕೊಡುತ್ತದೆ. ಆದ್ದರಿಂದ ಲೆಕ್ಕಕ್ಕೆ ಮುಂಚೆಯೇ ಒಂದು ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. A ಮತ್ತು B ಒಂದೇ ಚಲನೆಯ ಎರಡು ಬರಹಗಳಾದ್ದರಿಂದ ಅವು ತಿರುಗಿದ ಒಟ್ಟು ಕೋನ ಒಂದೇ ಆಗಿರಬೇಕು. X ಏನೇ ಇರಲಿ, ಇದು ತಪ್ಪುವಂತಿಲ್ಲ. ಕೈ 30 ಡಿಗ್ರಿ ತಿರುಗಿದೆ ಎಂದು ತೋಳು ಹೇಳಿದರೆ ಕ್ಯಾಮೆರಾವೂ 30ರ ಆಸುಪಾಸನ್ನೇ ಹೇಳಬೇಕು. 30ಕ್ಕೆ 41 ಬಂದರೆ ಮೂಲದಲ್ಲೇ ಎಡವಟ್ಟಾಗಿದೆ: ಐದನೆಯ ಫೋಟೊಕ್ಕೆ ಆರನೆಯ ಭಂಗಿ ಜೋಡಿಯಾಗಿರಬಹುದು, ಇಲ್ಲವೇ ಕೋನಗಳನ್ನು ತಪ್ಪು ಭಾಷೆಯಲ್ಲಿ ಓದಿರಬಹುದು. ಕೂಕಾ ತೋಳು A, B, C ಎಂಬ ಮೂರು ಕೋನಗಳಲ್ಲಿ, ಎಬಿಬಿ ತೋಳು ಕ್ವಾಟರ್ನಿಯನ್ನಿನ ನಾಲ್ಕು ಅಂಕಿಗಳಲ್ಲಿ, ಯೂನಿವರ್ಸಲ್ ರೋಬಾಟ್ಸ್ ತೋಳು ತಿರುಗುವ ಅಚ್ಚು ಮತ್ತು ಕೋನ ಬೆಸೆದ ವೆಕ್ಟರಿನಲ್ಲಿ ಓರೆಯನ್ನು ಹೇಳುತ್ತವೆ. ಒಂದನ್ನು ಇನ್ನೊಂದೆಂದು ಓದಿದರೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಸಿಕ್ಕಿಬೀಳದ ತಪ್ಪೊಂದಿದೆ. ಬುಡದಿಂದ ನೋಡಿದ ಕೈಯ ಸ್ಥಾನ ಹೇಳಬೇಕಾದಲ್ಲಿ ಕೈಯಿಂದ ನೋಡಿದ ಬುಡದ ಸ್ಥಾನ ಹೇಳಿದರೆ ಕೋನಗಳು ಆಗಲೂ ತಾಳೆಯಾಗುತ್ತವೆ, X ಮಾತ್ರ ಎಲ್ಲೋ ಹೋಗಿರುತ್ತದೆ. ಇದನ್ನು ಹಿಡಿಯುವುದು ಎರಡನೆಯ ಪರೀಕ್ಷೆ. ಬೋರ್ಡು ಕದಲಿಲ್ಲವಲ್ಲ? ಹಾಗಾದರೆ ಸಿಕ್ಕ X ಬಳಸಿ ಪ್ರತಿ ಭಂಗಿಯಿಂದಲೂ ಬೋರ್ಡಿನ ಒಂದು ಮೂಲೆ ತೋಳಿನ ಬುಡದಿಂದ ಎಲ್ಲಿದೆ ಎಂದು ಲೆಕ್ಕ ಹಾಕಿದರೆ, ಎಲ್ಲ ಉತ್ತರಗಳೂ ಒಂದೇ ಜಾಗಕ್ಕೆ ಬೀಳಬೇಕು. ಒಂದು ಮಿಲಿಮೀಟರಿನೊಳಗೆ ಗುಂಪಾಗಿದ್ದರೆ ಸಮಾಧಾನ. ಸೆಂಟಿಮೀಟರುಗಟ್ಟಲೆ ಚೆದುರಿದ್ದರೆ ದಿಕ್ಕು ತಿರುಗುಮುರುಗಾಗಿದೆ ಎಂದು ಮೊದಲು ಅನುಮಾನಿಸಬೇಕು. X ಕಂಡುಹಿಡಿಯಲು ಬಳಸದ ನಾಲ್ಕೈದು ಭಂಗಿಗಳಲ್ಲಿ ಈ ಪರೀಕ್ಷೆ ಮಾಡಿದರೆ ಫಲಿತಾಂಶ ಇನ್ನಷ್ಟು ನಂಬಲರ್ಹ.

ಇಷ್ಟಾಗಿಯೂ ಗ್ರಿಪ್ಪರ್ ತಪ್ಪಿ ಇಳಿಯುತ್ತಿದ್ದರೆ ಒಂದೊಂದನ್ನೇ ಬದಲಿಸುತ್ತ ಕಾರಣ ಹುಡುಕಬಹುದು. ಮೊದಲು ಫೋಟೊ ತೆಗೆಯುವ ಎತ್ತರವನ್ನು 500ರಿಂದ 300 ಮಿಲಿಮೀಟರಿಗೆ ಇಳಿಸಿ ನೋಡಿ. ತಪ್ಪು ಹಾಗೇ ಉಳಿದರೆ ದೂರದ ಅಂಕಿ ಸರಿಯಿಲ್ಲ. ಅದೇ ಪ್ರಮಾಣದಲ್ಲಿ ಕುಗ್ಗಿದರೆ ಓರೆ ಸರಿಯಿಲ್ಲ: ಒಂದು ಡಿಗ್ರಿಯ ಓರೆ 500ರಲ್ಲಿ 8.7 ಮಿಲಿಮೀಟರ್ ಕೊಟ್ಟರೆ 300ರಲ್ಲಿ 5.2 ಕೊಡುತ್ತದೆ. ಚಿತ್ರದ ನಡುವಿನಲ್ಲಿ ಸರಿಯಾಗಿದ್ದು ಅಂಚಿಗೆ ಹೋದಂತೆ ತಪ್ಪು ಹೆಚ್ಚಿದರೆ, ಕ್ಯಾಮೆರಾ ತನ್ನ ನೋಟದ ಗೆರೆಯ ಸುತ್ತಲೇ ತಿರುಗಿ ಕೂತಿದೆ ಅಥವಾ ಲೆನ್ಸಿನ ಕ್ಯಾಲಿಬ್ರೇಷನ್ ಸಾಲದು.

ಒಮ್ಮೊಮ್ಮೆ ಕ್ಯಾಮೆರಾದ್ದು ತಪ್ಪೇ ಇರುವುದಿಲ್ಲ. ಫ್ಲ್ಯಾಂಜಿನಿಂದ ಗ್ರಿಪ್ಪರ್ ಬೆರಳಿನ ತುದಿಗೆ ಇರುವ ಅಳತೆಯೂ ಒಂದು ಕ್ಯಾಲಿಬ್ರೇಷನ್ನೇ; ಅದು ತಪ್ಪಿದ್ದರೂ ಗ್ರಿಪ್ಪರ್ ಪಕ್ಕಕ್ಕೆ ಇಳಿಯುತ್ತದೆ. ಬೇರ್ಪಡಿಸುವುದು ಸುಲಭ. ಒಂದೇ ಭಂಗಿಯಲ್ಲಿ ಫೋಟೊ ತೆಗೆದು, ಅದೇ ರಿಂಗನ್ನು ಎರಡು ಬೇರೆ ಮಣಿಕಟ್ಟಿನ ಕೋನಗಳಲ್ಲಿ ಹಿಡಿದು ನೋಡಬೇಕು. ಹಿಡಿಯುವ ಕೋನದ ಜೊತೆ ತಪ್ಪು ತಿರುಗಿದರೆ ದೋಷ ಬೆರಳಿನ ಅಳತೆಯದು. ಹಿಡಿಯುವ ಕೋನ ಬದಲಿಸದೆ ಫೋಟೊ ತೆಗೆಯುವ ಕೋನ ಬದಲಿಸಿದಾಗ ತಪ್ಪು ತಿರುಗಿದರೆ ಕ್ಯಾಮೆರಾದ ಅಳತೆಯದು.

ತೋಳಿನ ಮಿತಿ

ಎಲ್ಲವನ್ನೂ ನೇರ್ಪು ಮಾಡಿದರೂ ಚೆದುರುವಿಕೆ ಸೊನ್ನೆಗೆ ಇಳಿಯುವುದಿಲ್ಲ. ಸಣ್ಣ ತೋಳುಗಳ ಕ್ಯಾಟಲಾಗಿನಲ್ಲಿ 0.03 ಮಿಲಿಮೀಟರ್ ಎಂಬಂಥ ಅಂಕಿ ಕಾಣುತ್ತದೆ. ಅದು ಕಲಿಸಿದ ಒಂದು ಜಾಗಕ್ಕೆ ತೋಳು ಮತ್ತೆ ಮತ್ತೆ ಎಷ್ಟು ನಿಖರವಾಗಿ ಮರಳುತ್ತದೆ ಎಂಬುದರ ಅಳತೆ. ಕ್ಯಾಮೆರಾ ಹೇಳಿದ, ಹಿಂದೆಂದೂ ಹೋಗಿರದ ಜಾಗಕ್ಕೆ ಹೋಗುವಾಗ ಲೆಕ್ಕಕ್ಕೆ ಬರುವುದು ಬೇರೆ: ಕೀಲುಗಳ ನಡುವಿನ ಉದ್ದ ಕಂಟ್ರೋಲರಿನಲ್ಲಿ ಬರೆದಷ್ಟೇ ಇದೆಯೇ, ಭಾರಕ್ಕೆ ತೋಳು ಎಷ್ಟು ಬಾಗಿದೆ ಎಂಬುದು. ಈ ತಪ್ಪು ಹತ್ತಾರು ಪಟ್ಟು ದೊಡ್ಡದಿರಬಹುದು, ತೋಳಿನ ಭಂಗಿಗೆ ತಕ್ಕಂತೆ ಬದಲಾಗುತ್ತಲೂ ಇರುತ್ತದೆ. X ಎಷ್ಟೇ ಚೆನ್ನಾಗಿದ್ದರೂ ಇದನ್ನು ಅಳಿಸಲಾರದು. ಮಾಡಬಹುದಾದ್ದು ಎಂದರೆ, ತೋಳು ನಿಜವಾಗಿ ಕೆಲಸ ಮಾಡುವ ಜಾಗದಲ್ಲೇ, ಕೆಲಸ ಮಾಡುವ ಎತ್ತರದ ಆಸುಪಾಸಿನಲ್ಲೇ ಕ್ಯಾಲಿಬ್ರೇಷನ್ ಮಾಡುವುದು. ಅದಕ್ಕಿಂತ ಹೆಚ್ಚು ಬೇಕೆಂದರೆ ತೋಳನ್ನೇ ಬೇರೆಯಾಗಿ ಅಳೆಸಬೇಕು, ಇಲ್ಲವೇ ಬೆರಳುಗಳ ನಡುವೆ ಅಷ್ಟು ಸಡಿಲ ಬಿಡಬೇಕು.

ಉಳಿಯುವ ಪ್ರಶ್ನೆ, ಒಮ್ಮೆ ಸಿಕ್ಕ X ಎಷ್ಟು ಕಾಲ ಬಾಳುತ್ತದೆ ಎಂಬುದು. ಬ್ರಾಕೆಟ್ಟಿಗೆ ಏನೂ ತಗಲದಿದ್ದರೆ ಬಹುಕಾಲ ಬಾಳುತ್ತದೆ. ಟ್ರೇಯ ಅಂಚಿಗೆ ಕ್ಯಾಮೆರಾ ಒಮ್ಮೆ ಬಡಿದರೆ ಆ ಗಳಿಗೆಗೆ ಮುಗಿಯುತ್ತದೆ, ಬಡಿದದ್ದನ್ನು ಯಾರೂ ನೋಡಿರದಿರಬಹುದು. ಇದಕ್ಕೆ ಸ್ಕೇಲೂ ಬೇಡದ ಪರೀಕ್ಷೆಯೊಂದಿದೆ. ಮೇಜಿನ ಮೂಲೆಯಲ್ಲಿ ಶಾಶ್ವತವಾಗಿ ಒಂದು ಗುರುತು ಅಂಟಿಸಿ, ಪಾಳಿ ಶುರುವಾಗುವಾಗ ಅದನ್ನು ಎರಡು ಸಲ ನೋಡಿಸಬೇಕು: ಒಮ್ಮೆ ಮಾಮೂಲಿ ಕೋನದಲ್ಲಿ, ಇನ್ನೊಮ್ಮೆ ಮಣಿಕಟ್ಟನ್ನು 180 ಡಿಗ್ರಿ ತಿರುಗಿಸಿ. ಎರಡು ಸಲವೂ ಗುರುತು ಚಿತ್ರದ ನಡುವೆ, ಅದೇ ಎತ್ತರದಿಂದ ಕಾಣಬೇಕು. ಕೈಯ ಲೆಕ್ಕದಲ್ಲಿ ಅಡಗಿದ ತಪ್ಪು ಎರಡು ಸಲ ಎದುರುಬದುರು ದಿಕ್ಕಿಗೆ ತಳ್ಳುವುದರಿಂದ, ಎರಡು ಉತ್ತರಗಳ ನಡುವಿನ ದೂರದಲ್ಲಿ ಅರ್ಧವೇ ಆ ಎತ್ತರದಲ್ಲಿ ಕ್ಯಾಮೆರಾದ ತಪ್ಪು. ಬೆರಳುಗಳ ನಡುವೆ 3 ಮಿಲಿಮೀಟರ್ ಸಡಿಲವಿರುವ ಕಡೆ ಆ ಅರ್ಧ 1 ಮಿಲಿಮೀಟರ್ ದಾಟಿದರೆ ಬೋರ್ಡನ್ನು ಮತ್ತೆ ಹೊರಗೆ ತೆಗೆಯುವುದು ವಾಸಿ. ಪ್ರೋಗ್ರಾಮಿಗೆ ಇನ್ನೊಂದು ತಿದ್ದುಪಡಿ ಸೇರಿಸುವ ಕೆಲಸಕ್ಕೆ ಮಾತ್ರ ಕೈಹಾಕಬಾರದು.